ಟೀ ಶರ್ಟಿನ ಪ್ರಿಂಟ್ ಬಿರುಕು ಬಿಡುವುದು, ಕಿತ್ತು ಬರುವುದು: ಯಾವ ಪ್ರಿಂಟ್‌ಗೆ ಯಾವ ಆರೈಕೆ

ಒಗೆದು ಒಣಗಿಸಿದ ಟೀ ಶರ್ಟಿನ ಚಿತ್ರದ ಮೇಲೆ ಬಿರುಕು ಕಂಡ ಕೂಡಲೇ ನಾವು ದೂರುವುದು ವಾಷಿಂಗ್ ಮಷಿನ್ ಅನ್ನು, ಇಲ್ಲವೇ ಸೋಪನ್ನು. ಎಷ್ಟೋ ಸಲ ಆ ದೂರು ಸರಿಯೇ. ಆದರೆ ಎರಡು ಮೂರು ಒಗೆತಕ್ಕೇ ಒಡೆದ ಪ್ರಿಂಟ್ ಸಾಮಾನ್ಯವಾಗಿ ಅಚ್ಚು ಹಾಕುವಾಗಲೇ ಕೆಟ್ಟಿರುತ್ತದೆ. ಒಗೆತ ಅದನ್ನು ಬಯಲಿಗೆ ತರುತ್ತದೆ, ಅಷ್ಟೇ. ತಪ್ಪು ನಮ್ಮ ಕೈಯದೋ, ಅಚ್ಚು ಹಾಕಿದವರದೋ ಎಂದು ಪ್ರಿಂಟನ್ನು ನೋಡಿಯೇ ಹೇಳಬಹುದು. ಅದಕ್ಕೆ ಮೊದಲು ಅದು ಯಾವ ಬಗೆಯ ಪ್ರಿಂಟ್ ಎಂದು ಗೊತ್ತಾಗಬೇಕು. ಎಲ್ಲ ಪ್ರಿಂಟ್‌ಗೂ ಒಂದೇ ಆರೈಕೆ ಎಂದುಕೊಂಡರೆ ಅರ್ಧ ಶರ್ಟುಗಳು ಅಲ್ಲೇ ಹಾಳಾಗುತ್ತವೆ.

## ಒಡೆಯುವುದು ಬೇರೆ, ಏಳುವುದು ಬೇರೆ

ಟೀ ಶರ್ಟಿನ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಂಡಿರುತ್ತದೆ. ಎಳೆದರೆ ಕುಣಿಕೆಗಳು ಬಾಯಿ ಬಿಡುತ್ತವೆ, ಬಿಟ್ಟರೆ ಮುಚ್ಚಿಕೊಳ್ಳುತ್ತವೆ. ಹತ್ತಿಯ ಎಳೆ ನೀರು ಕುಡಿದಾಗ ಉಬ್ಬುತ್ತದೆ, ಬಿಸಿಗೆ ಒಣಗಿದಾಗ ಬಟ್ಟೆ ಕುಗ್ಗುತ್ತದೆ. ಅದರ ಮೇಲೆ ಕೂತ ಬಣ್ಣದ ಪದರ ಈ ಎಲ್ಲ ಚಲನೆಯನ್ನೂ ಅನುಸರಿಸಬೇಕು.

ಅನುಸರಿಸಲು ಆಗದಿದ್ದಾಗ ಎರಡರಲ್ಲಿ ಒಂದು ಆಗುತ್ತದೆ. ಪದರ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದಿದ್ದು ಅದಕ್ಕೇ ಹಿಗ್ಗುವ ಗುಣ ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಪದರ ಚೆನ್ನಾಗಿದ್ದು ಬಟ್ಟೆಯ ಮೇಲಿನ ಹಿಡಿತ ಸಡಿಲವಾಗಿದ್ದರೆ ಅಂಚಿನಿಂದ ಏಳುತ್ತದೆ. ಮೊದಲನೆಯದು ಪದರದ ದೋಷ, ಎರಡನೆಯದು ಅಂಟಿನ ದೋಷ. ಎರಡಕ್ಕೂ ಮದ್ದು ಬೇರೆ. ಒಡೆದದ್ದನ್ನು ಮತ್ತೆ ಅಂಟಿಸಲು ಹೊರಟರೆ ಫಲ ಕಡಿಮೆ. ಎದ್ದದ್ದನ್ನು ಮಾತ್ರ ಹಲವು ಸಲ ಮನೆಯಲ್ಲೇ ಸರಿಮಾಡಬಹುದು.

## ಹಂತ 1: ನಿಮ್ಮ ಕೈಯಲ್ಲಿರುವ ಪ್ರಿಂಟ್ ಯಾವುದು?

ಒಣಗಿದ ಶರ್ಟನ್ನು ಹಗಲಿನ ಬೆಳಕಿನಲ್ಲಿ ಮೇಜಿನ ಮೇಲೆ ಹರಡಿ. ಕಣ್ಣು ಮುಚ್ಚಿ ಬೆರಳ ತುದಿಯನ್ನು ಬರಿ ಬಟ್ಟೆಯಿಂದ ಪ್ರಿಂಟಿನ ಮೇಲಕ್ಕೆ ಎಳೆಯಿರಿ.

ಎಲ್ಲಿ ಪ್ರಿಂಟ್ ಶುರುವಾಯಿತು ಎಂದು ಬೆರಳಿಗೆ ಗೊತ್ತೇ ಆಗದಿದ್ದರೆ ಬಣ್ಣ ಬಟ್ಟೆಯ ಒಳಗೇ ಇದೆ. ಲೇಬಲ್‌ನಲ್ಲಿ ಪಾಲಿಯೆಸ್ಟರ್ ಎಂದಿದ್ದು ಬಟ್ಟೆ ತಿಳಿಬಣ್ಣದ್ದಾಗಿದ್ದರೆ ಅದು ಬಹುಮಟ್ಟಿಗೆ ಸಬ್ಲಿಮೇಶನ್. ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಸೇರಿಕೊಂಡಿರುತ್ತದೆ. ಗಾಢ ಬಣ್ಣದ ಹತ್ತಿ ಶರ್ಟಾದರೆ ಡಿಸ್ಚಾರ್ಜ್ ಪ್ರಿಂಟ್ ಇರಬಹುದು. ಅದರಲ್ಲಿ ಬಟ್ಟೆಯ ಮೂಲ ಬಣ್ಣವನ್ನು ರಾಸಾಯನಿಕದಿಂದ ತೆಗೆದು ಆ ಜಾಗಕ್ಕೆ ಬೇರೆ ಬಣ್ಣ ಕೊಟ್ಟಿರುತ್ತಾರೆ. ತೆಳುವಾಗಿ ಹಾಕಿದ ವಾಟರ್ ಬೇಸ್ ಇಂಕ್ ಕೂಡ ಕೈಗೆ ಹೀಗೆಯೇ ಸಿಗುತ್ತದೆ. ಇವು ಒಡೆಯುವುದಿಲ್ಲ, ಏಳುವುದಿಲ್ಲ, ಏಕೆಂದರೆ ಒಡೆಯಲು ಮೇಲೆ ಪದರವೇ ಇಲ್ಲ. ಕಾಲ ಕಳೆದಂತೆ ಮಾಸಬಹುದು, ಅಷ್ಟೇ. ನಿಮ್ಮದು ಈ ಬಗೆಯದಾದರೆ ಬಣ್ಣ ಉಳಿಸಿಕೊಳ್ಳಲು ತಣ್ಣೀರು, ನೆರಳು ಸಾಕು. ಮುಂದಿನ ಬಹುಪಾಲು ಮಾತು ನಿಮಗೆ ಬೇಕಿಲ್ಲ.

ಬೆರಳಿಗೆ ದಪ್ಪ ಸಿಕ್ಕಿದರೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ.

ರಬ್ಬರಿನಂತೆ ಬಟ್ಟೆಯ ಜೊತೆಗೇ ಹಿಗ್ಗಿ, ಬಿಟ್ಟ ಕೂಡಲೇ ಹಿಂದಕ್ಕೆ ಬಂದರೆ, ಪ್ರಿಂಟಿನ ಮೇಲ್ಮೈಯಲ್ಲಿ ಹೆಣಿಗೆಯ ಗುರುತು ಅಲ್ಪಸ್ವಲ್ಪ ಕಾಣುತ್ತಿದ್ದರೆ ಅದು ಸ್ಕ್ರೀನ್ ಪ್ರಿಂಟ್, ಹೆಚ್ಚಾಗಿ ಪ್ಲಾಸ್ಟಿಸಾಲ್ ಇಂಕ್. ಇದರಲ್ಲಿ ಪ್ರತಿ ಬಣ್ಣವೂ ಬೇರೆ ಬೇರೆ ಜಾಲರಿಯಿಂದ ಬರುವುದರಿಂದ ಬಣ್ಣಗಳ ಸಂಖ್ಯೆ ಕಡಿಮೆ, ಅಂಚುಗಳು ಸ್ಪಷ್ಟ.

ಒಂದೇ ಬಣ್ಣ, ಎಲ್ಲೆಡೆ ಒಂದೇ ದಪ್ಪ, ಬ್ಲೇಡಿನಿಂದ ಕೊಯ್ದಂಥ ಅಂಚು ಇದ್ದರೆ ಅದು ವಿನೈಲ್. ಆಟಗಾರರ ಹೆಸರು, ನಂಬರು ಹೆಚ್ಚಾಗಿ ಇದರಲ್ಲೇ ಇರುತ್ತವೆ. ಫೋಟೋದಂತೆ ಹಲವು ಬಣ್ಣಗಳಿದ್ದು, ಮೇಲ್ಮೈ ನುಣುಪಾಗಿ, ಅಂಚಿಗೆ ಉಗುರು ಕೊಟ್ಟರೆ ಹಾಳೆಯ ಅಂಚಿನಂತೆ ಸಿಕ್ಕಿದರೆ ಅದು ಡಿಟಿಎಫ್. ಚಿತ್ರವನ್ನು ಮೊದಲು ಪ್ಲಾಸ್ಟಿಕ್ ಫಿಲ್ಮ್ ಮೇಲೆ ಮುದ್ರಿಸಿ, ಅದರ ಹಿಂಬದಿಗೆ ಅಂಟಿನ ಪುಡಿ ಕರಗಿಸಿ, ಹೀಟ್ ಪ್ರೆಸ್‌ನಲ್ಲಿ ಒತ್ತಿ ಬಟ್ಟೆಗೆ ಇಳಿಸುವ ವಿಧಾನ ಇದು. ಇವೆರಡೂ ಮೂಲತಃ ಅಂಟಿಸಿದ ಪ್ರಿಂಟ್‌ಗಳು.

ಫೋಟೋದಂತಿದ್ದೂ ಕೈಗೆ ಮೃದುವಾಗಿದ್ದು, ಎಳೆದಾಗ ಕುಣಿಕೆಗಳ ನಡುವೆ ಶರ್ಟಿನ ಬಣ್ಣ ಇಣುಕಿದರೆ ಡಿಟಿಜಿ, ಅಂದರೆ ಪ್ರಿಂಟರ್ ನೇರವಾಗಿ ಬಟ್ಟೆಯ ಮೇಲೆಯೇ ಇಂಕ್ ಸಿಂಪಡಿಸಿದ್ದು. ಗಾಢ ಬಣ್ಣದ ಶರ್ಟಿನ ಮೇಲಾದರೆ ಇದರ ಕೆಳಗೆ ಬಿಳಿ ಇಂಕಿನ ಒಂದು ಪದರ ಇರುತ್ತದೆ. ಬಿರುಕು ಬಂದರೆ ಆ ಬಿಳಿಯಲ್ಲೇ ಮೊದಲು ಬರುತ್ತದೆ.

ಚಿತ್ರದ ಸುತ್ತ ಪಾರದರ್ಶಕ ಚೌಕಟ್ಟು ಮಸುಕಾಗಿ ಕಂಡರೆ ಅದು ಮನೆಯ ಪ್ರಿಂಟರ್‌ನಲ್ಲಿ ಟ್ರಾನ್ಸ್‌ಫರ್ ಪೇಪರ್ ಮೇಲೆ ತೆಗೆದು ಇಸ್ತ್ರಿ ಮಾಡಿದ್ದಿರಬೇಕು. ಇದರ ಆಯುಷ್ಯವೇ ಕಡಿಮೆ, ಎಷ್ಟು ಜೋಪಾನ ಮಾಡಿದರೂ ಬಹಳ ಕಾಲ ಬಾಳುವುದಿಲ್ಲ.

## ಹಂತ 2: ಹಾನಿಯನ್ನು ಓದಿ

ಬಹಳ ಮಂದಿ ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಮೊದಲು ಬಿರುಕಿನ ದಿಕ್ಕು ನೋಡಿ. ಬಿರುಕು ಯಾವಾಗಲೂ ಎಳೆತಕ್ಕೆ ಅಡ್ಡವಾಗಿ ಹುಟ್ಟುತ್ತದೆ. ಎದೆಯ ಮೇಲೆ ಮೇಲಿನಿಂದ ಕೆಳಕ್ಕೆ ಉದ್ದುದ್ದ ಬಿರುಕುಗಳಿದ್ದರೆ ಶರ್ಟ್ ಅಡ್ಡಕ್ಕೆ ಎಳೆತ ತಿಂದಿದೆ. ಬಿಗಿಯಾದ ಅಳತೆಯ ಶರ್ಟುಗಳಲ್ಲಿ ಇದು ಸಹಜ. ಎಡದಿಂದ ಬಲಕ್ಕೆ ಅಡ್ಡ ಬಿರುಕುಗಳಿದ್ದರೆ ಎಳೆತ ಉದ್ದಕ್ಕೆ ಆಗಿದೆ. ನೀರು ತುಂಬಿದ ಶರ್ಟನ್ನು ಭುಜದಿಂದ ನೇತುಹಾಕಿದಾಗ ಅದರ ಭಾರವೇ ಪ್ರಿಂಟನ್ನು ಕೆಳಕ್ಕೆ ಜಗ್ಗುತ್ತದೆ. ಒಂದೇ ನೇರ ಗೆರೆಯಾದರೆ ಮಡಿಕೆಯ ಗುರುತು. ದಿಕ್ಕಿಲ್ಲದೆ ಜಾಲದಂತೆ ಎಲ್ಲ ಕಡೆ ಒಡೆದಿದ್ದರೆ ಎಳೆತವನ್ನು ದೂರುವ ಮೊದಲು ಇಂಕನ್ನೇ ಅನುಮಾನಿಸಿ.

ಯಾಕೆಂದರೆ ಪ್ಲಾಸ್ಟಿಸಾಲ್ ಇಂಕ್ ಗಾಳಿಗೆ ಒಣಗುವ ಬಣ್ಣವಲ್ಲ. ಅದರಲ್ಲಿ ಪಿವಿಸಿಯ ಸಣ್ಣ ಕಣಗಳು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವದಲ್ಲಿ ತೇಲುತ್ತಿರುತ್ತವೆ. ಬಿಸಿ ತಾಗಿದಾಗ ಕಣಗಳು ಆ ದ್ರವವನ್ನು ಹೀರಿಕೊಂಡು, ಉಬ್ಬಿ, ಒಂದಕ್ಕೊಂದು ಬೆಸೆದುಕೊಂಡು ಹಿಗ್ಗುವ ಪದರವಾಗುತ್ತವೆ. ಸಾಮಾನ್ಯ ಪ್ಲಾಸ್ಟಿಸಾಲ್‌ಗೆ ಇದಕ್ಕೆ ಸುಮಾರು 160 ಡಿಗ್ರಿ ಬೇಕು, ಅದೂ ಮೇಲ್ಮೈಗೆ ಮಾತ್ರವಲ್ಲ, ಬಟ್ಟೆಗೆ ತಾಗಿದ ತಳದವರೆಗೂ. ತೊಂದರೆ ಏನೆಂದರೆ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಇಂಕ್ ಗಟ್ಟಿಯಾಗಿ, ಮುಟ್ಟಿದರೆ ಕೈಗೆ ಹತ್ತದ ಹಾಗಾಗುತ್ತದೆ. ಕಣ್ಣಿಗೆ ಅದು ಪೂರ್ತಿ ಮುಗಿದ ಪ್ರಿಂಟೇ. ಒಳಗೆ ಮಾತ್ರ ಕಣಗಳು ಬೆಸೆದುಕೊಂಡಿರುವುದಿಲ್ಲ. ಅಚ್ಚಿನವರ ಮಾತಿನಲ್ಲಿ ಅದು ಸರಿಯಾಗಿ ಕ್ಯೂರ್ ಆಗಿಲ್ಲ.

### ಒಂದು ಶರ್ಟಿನ ಪರೀಕ್ಷೆ

ಪೂರ್ತಿ ಹತ್ತಿಯ ಕಪ್ಪು ಶರ್ಟ್ ಒಂದನ್ನು ತೆಗೆದುಕೊಳ್ಳೋಣ. ಎದೆಯ ಮೇಲೆ ದಪ್ಪ ಬಿಳಿ ಅಕ್ಷರಗಳು, ಅವುಗಳ ಕೆಳಗೆ ತೆಳ್ಳನೆಯ ಹಳದಿ ಗೆರೆಗಳ ಚಿತ್ರ. ಕೊಂಡು ಹೆಚ್ಚು ದಿನವಾಗಿಲ್ಲ, ಒಗೆದದ್ದು ಮೂರು ಸಲ. ಬಿಳಿ ಅಕ್ಷರಗಳಲ್ಲಿ ಜಾಲದಂಥ ಬಿರುಕು, ಅಲ್ಲಲ್ಲಿ ಚೂರು ಉದುರಿದೆ. ಹಳದಿ ಗೆರೆಗಳಿಗೆ ಏನೂ ಆಗಿಲ್ಲ.

ಎಳೆದರೆ ಹಳದಿ ಗೆರೆ ಬಟ್ಟೆಯ ಜೊತೆ ಹಿಗ್ಗಿ ಹಿಂದಕ್ಕೆ ಬರುತ್ತದೆ. ಆದ್ದರಿಂದ ಪ್ಲಾಸ್ಟಿಸಾಲ್ ಸ್ಕ್ರೀನ್ ಪ್ರಿಂಟ್. ಬಿಳಿ ಅಕ್ಷರ ಎಳೆದ ಕೂಡಲೇ ಹೊಸ ಬಿರುಕು ಬಿಡುತ್ತದೆ, ಬಿಟ್ಟ ಮೇಲೂ ಬಿರುಕು ಮುಚ್ಚುವುದಿಲ್ಲ. ಬಿರುಕಿಗೆ ದಿಕ್ಕಿಲ್ಲ, ಹಾಗಾಗಿ ಬಿಗಿ ಅಳತೆಯೋ ನೇತುಹಾಕಿದ್ದೋ ಕಾರಣವಲ್ಲ. ಒಂದೇ ಶರ್ಟ್, ಒಂದೇ ಮಷಿನ್, ಒಂದೇ ಸೋಪು. ಆದರೂ ತೆಳು ಇಂಕ್ ಉಳಿದು ದಪ್ಪ ಇಂಕ್ ಒಡೆದಿದೆ. ಒಗೆತವೇ ಕಾರಣವಾಗಿದ್ದರೆ ಎರಡಕ್ಕೂ ಪೆಟ್ಟು ಬೀಳಬೇಕಿತ್ತು.

ಇನ್ನು ಚೂರು ಉದುರಿದ ಜಾಗವನ್ನು ಭೂತಗನ್ನಡಿಯಲ್ಲೋ ಫೋನಿನ ಕ್ಯಾಮೆರಾ ಹಿಗ್ಗಿಸಿಯೋ ನೋಡಿ. ಅಲ್ಲಿ ಹತ್ತಿಯ ನೂಲು ಬಹುಮಟ್ಟಿಗೆ ಬರಿದಾಗಿ, ಕಪ್ಪಾಗಿಯೇ ಇದೆ. ಚೆನ್ನಾಗಿ ಕ್ಯೂರ್ ಆಗಿ, ಬಹುಕಾಲ ಬಳಸಿ ಹಳತಾದ ಪ್ರಿಂಟ್ ಒಡೆದಾಗ ನೂಲಿನ ಸಂದಿಯಲ್ಲಿ ಬಣ್ಣ ಕಚ್ಚಿಕೊಂಡೇ ಉಳಿದಿರುತ್ತದೆ. ಇಲ್ಲಿ ಇಂಕಿನ ತಳ ಬಟ್ಟೆಯನ್ನು ಹಿಡಿದೇ ಇರಲಿಲ್ಲ. ಬಿಳಿ ಪದರ ದಪ್ಪವಾದ್ದರಿಂದ ಬಿಸಿ ಅದರ ತಳ ಮುಟ್ಟುವ ಮೊದಲೇ ಶರ್ಟ್ ಯಂತ್ರದಿಂದ ಹೊರಗೆ ಬಂದಿದೆ. ಇಷ್ಟು ಕುರುಹು ಇದ್ದರೆ ಶರ್ಟನ್ನು ಧೈರ್ಯವಾಗಿ ಹಿಂದಿರುಗಿಸಿ, ಬದಲಿ ಕೇಳಿ. ಫೋಟೋ ತೆಗೆಯುವಾಗ ಒಡೆದ ಬಿಳಿ, ಒಡೆಯದ ಹಳದಿ ಎರಡೂ ಒಟ್ಟಿಗೆ ಕಾಣುವಂತೆ ತೆಗೆಯಿರಿ.

ಬದಲಿ ಸಿಗದಿದ್ದರೆ ಇನ್ನೂ ಒಡೆಯದ ಭಾಗವನ್ನು ಉಳಿಸಲು ಒಂದು ಪ್ರಯತ್ನ ಮಾಡಬಹುದು. ಕೊನೆಯ ಹಂತದಲ್ಲಿ ಹೇಳುವಂತೆ ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಇಟ್ಟು, ಹತ್ತಿಯ ಬಿಸಿಯಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಒತ್ತಿದರೆ ಬೆಸೆಯದೆ ಉಳಿದಿದ್ದ ಇಂಕ್ ಸ್ವಲ್ಪ ಮಟ್ಟಿಗೆ ಬೆಸೆದುಕೊಳ್ಳುತ್ತದೆ. ಆಗಲೇ ಬಿಟ್ಟ ಬಿರುಕು ಚಪ್ಪಟೆಯಾಗಿ ಕಣ್ಣಿಗೆ ಕಡಿಮೆಯಾದೀತು, ಇಲ್ಲವಾಗುವುದಿಲ್ಲ. ಉದುರಿದ ಚೂರು ಹಿಂದಕ್ಕೆ ಬರುವುದಿಲ್ಲ.

ಪಾಲಿಯೆಸ್ಟರ್ ಶರ್ಟುಗಳಲ್ಲಿ ಈ ದೋಷಕ್ಕೆ ಇನ್ನೊಂದು ಕಾರಣವಿದೆ. ಹೆಚ್ಚು ಬಿಸಿ ಕೊಟ್ಟರೆ ಬಟ್ಟೆಯ ಬಣ್ಣ ಮೇಲೆದ್ದು ಬಿಳಿ ಇಂಕನ್ನು ಗುಲಾಬಿಯೋ ನಸುಗೆಂಪೋ ಮಾಡಿಬಿಡುತ್ತದೆ. ಆ ಭಯಕ್ಕೆ ಕಡಿಮೆ ಬಿಸಿಯಲ್ಲಿ ಕ್ಯೂರ್ ಆಗುವ ಇಂಕ್ ಬಳಸಬೇಕು. ಮಾಮೂಲಿ ಇಂಕ್ ಹಾಕಿ ಬಿಸಿ ಮಾತ್ರ ತಗ್ಗಿಸಿದರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ, ಒಗೆದಾಗ ಒಡೆಯುತ್ತದೆ.

ವಾಟರ್ ಬೇಸ್ ಮತ್ತು ಡಿಟಿಜಿ ಇಂಕ್ ಸರಿಯಾಗಿ ಕ್ಯೂರ್ ಆಗದಿದ್ದಾಗ ಹೆಚ್ಚಾಗಿ ಮೊದಲ ಒಗೆತಗಳಲ್ಲೇ ಬಣ್ಣ ತೊಳೆದುಹೋಗುತ್ತದೆ. ಇವುಗಳಲ್ಲಿ ಇನ್ನೊಂದು ಬಗೆಯ ಮಸುಕೂ ಉಂಟು. ಇಂಕ್ ಅಲ್ಲೇ ಇರುತ್ತದೆ, ಉಜ್ಜಾಟಕ್ಕೆ ಹತ್ತಿಯ ಸಣ್ಣ ಎಳೆಗಳು ಅದನ್ನು ಸೀಳಿಕೊಂಡು ಮೇಲೆದ್ದು ಚಿತ್ರಕ್ಕೆ ಮಂಜು ಕವಿದ ಹಾಗೆ ಮಾಡುತ್ತವೆ. ಪ್ರಿಂಟಿಗೆ ಸ್ವಲ್ಪ ನೀರು ತಾಗಿಸಿ ಎಳೆಗಳನ್ನು ಬೆರಳಿನಿಂದ ಒತ್ತಿ ಮಲಗಿಸಿದರೆ ಬಣ್ಣ ಮತ್ತೆ ಗಾಢವಾಗಿ ಕಾಣುತ್ತದೆ. ಹಾಗೆ ಕಂಡರೆ ದೋಷ ಬಣ್ಣದ್ದಲ್ಲ, ಉಜ್ಜಾಟದ್ದು.

## ಹಂತ 3: ಒಗೆಯುವುದು

ಹೊಸ ಶರ್ಟ್ ವಿನೈಲ್ ಅಥವಾ ಡಿಟಿಎಫ್ ಆಗಿದ್ದು ಈಗಷ್ಟೇ ಒತ್ತಿ ಕೊಟ್ಟಿದ್ದರೆ ಕನಿಷ್ಠ 24 ಗಂಟೆ ನೀರಿಗೆ ಹಾಕಬೇಡಿ. ಅಂಟು ಪೂರ್ತಿ ತಣಿದು ಗಟ್ಟಿಯಾಗಲು ಅಷ್ಟು ಹೊತ್ತು ಬೇಕು.

ಶರ್ಟನ್ನು ಒಳಮೈ ಹೊರಗೆ ಬರುವಂತೆ ತಿರುವಿ ಹಾಕಿ. ಪ್ರಿಂಟಿಗೆ ಶತ್ರು ನೀರಿಗಿಂತ ಉಜ್ಜಾಟ. ಮಷಿನ್ನಿನಲ್ಲಿ ಜೀನ್ಸ್, ಜಿಪ್ ಇರುವ ಜಾಕೆಟ್, ಒರಟು ಟವೆಲ್ ಜೊತೆ ಹಾಕಿದರೆ ಅವು ಪ್ರಿಂಟನ್ನು ಗೀರುತ್ತಲೇ ಇರುತ್ತವೆ. ಜಿಪ್ ಬಟ್ಟೆ ಬೇರೆ, ಪ್ರಿಂಟ್ ಶರ್ಟ್ ಬೇರೆ ಒಗೆಯಿರಿ. ಡ್ರಮ್ಮನ್ನು ತುರುಕಿ ತುಂಬಬೇಡಿ. ತುಂಬಿದ ಡ್ರಮ್ಮಿನಲ್ಲಿ ಬಟ್ಟೆ ನೀರಿನಲ್ಲಿ ಆಡದೆ ಬಟ್ಟೆಗೆ ಬಟ್ಟೆ ತಿಕ್ಕುತ್ತದೆ.

ನೀರು 30 ಡಿಗ್ರಿ ಮೀರದಿರಲಿ, ನಲ್ಲಿಯ ತಣ್ಣೀರಾದರೆ ಇನ್ನೂ ಒಳ್ಳೆಯದು. ಜೆಂಟಲ್ ಅಥವಾ ಡೆಲಿಕೇಟ್ ಸೈಕಲ್ ಆರಿಸಿ, ಸ್ಪಿನ್ ವೇಗ ಬದಲಿಸಲು ಆಗುವುದಾದರೆ 600ರ ಸುಮಾರಿಗೆ ಇಳಿಸಿ. ಹೆಚ್ಚು ವೇಗದಲ್ಲಿ ಸುತ್ತಿದಾಗ ಶರ್ಟ್ ಡ್ರಮ್ಮಿನ ಗೋಡೆಗೆ ಒತ್ತಿಕೊಂಡು ಪ್ರಿಂಟಿನ ಮೇಲೆ ಗಟ್ಟಿ ಮಡಿಕೆ ಬೀಳುತ್ತದೆ. ತಣ್ಣೀರಿಗೆ ಲಿಕ್ವಿಡ್ ಡಿಟರ್ಜೆಂಟ್ ವಾಸಿ, ಏಕೆಂದರೆ ಪುಡಿ ಪೂರ್ತಿ ಕರಗದಿದ್ದರೆ ಅದರ ಹರಳುಗಳೇ ಪ್ರಿಂಟನ್ನು ಉಜ್ಜುತ್ತವೆ. ಪುಡಿಯೇ ಇದ್ದರೆ ಮೊದಲು ಒಂದು ಮಗ್ ಬೆಚ್ಚನೆಯ ನೀರಿನಲ್ಲಿ ಕರಗಿಸಿ ಹಾಕಿ.

ಬ್ಲೀಚ್ ಯಾವ ಪ್ರಿಂಟಿಗೂ ಬೇಡ. ಅಂಟಿಸಿದ ಬಗೆಯ ಪ್ರಿಂಟ್‌ಗಳಿಗೆ ಫ್ಯಾಬ್ರಿಕ್ ಸಾಫ್ಟನರ್ ಕೂಡ ಬೇಡ, ಅದರ ಜಿಡ್ಡು ಅಂಟಿನ ಹಿಡಿತಕ್ಕೆ ಒಳ್ಳೆಯದಲ್ಲ. ಪ್ಲಾಸ್ಟಿಸಾಲ್ ಶರ್ಟನ್ನು ಡ್ರೈ ಕ್ಲೀನಿಂಗ್‌ಗೆ ಕೊಡಲೇಬೇಡಿ. ಅಲ್ಲಿ ಬಳಸುವ ದ್ರಾವಕ ಇಂಕಿನೊಳಗಿನ ಪ್ಲಾಸ್ಟಿಸೈಜರನ್ನು ಎಳೆದುಕೊಂಡು ಹೋಗುತ್ತದೆ. ಪ್ರಿಂಟ್ ಬಿರುಸಾಗಿ ಒಡೆಯುತ್ತದೆ, ಅದಕ್ಕೆ ಮದ್ದಿಲ್ಲ.

ಕೈಯಲ್ಲಿ ಒಗೆಯುವವರು ರಾತ್ರಿಯಿಡೀ ನೆನೆಹಾಕುವುದನ್ನು ಬಿಡಿ, ಹದಿನೈದು ಇಪ್ಪತ್ತು ನಿಮಿಷ ಸಾಕು. ಪ್ರಿಂಟಿನ ಮೇಲೆ ಬ್ರಷ್ ಆಡಿಸಬೇಡಿ. ಕಲೆ ಪ್ರಿಂಟಿನ ಮೇಲೆಯೇ ಇದ್ದರೆ ಸೋಪಿನ ನೀರಿನಲ್ಲಿ ಅದ್ದಿದ ಮೃದು ಬಟ್ಟೆಯಿಂದ ಒತ್ತಿ ತೆಗೆಯಿರಿ. ಹಿಂಡುವಾಗ ತಿರುಚಬೇಡಿ. ಮಷಿನ್ನಿಗಿಂತ ಕೈಒಗೆತ ಯಾವಾಗಲೂ ಮೃದು ಎಂಬ ನಂಬಿಕೆ ಇದೆ. ತಿರುಚಿ ಹಿಂಡುವ ಕೈ ಜೆಂಟಲ್ ಸೈಕಲ್‌ಗಿಂತ ಎಷ್ಟೋ ಒರಟು. ಟವೆಲ್ ಮೇಲೆ ಹರಡಿ, ಸುರುಳಿ ಸುತ್ತಿ, ಒತ್ತಿ ನೀರು ತೆಗೆಯಿರಿ.

## ಹಂತ 4: ಒಣಗಿಸುವುದು, ಇಸ್ತ್ರಿ, ಮಡಿಸುವುದು

ಡ್ರೈಯರ್ ಪ್ರಿಂಟಿಗೆ ಎರಡು ಕಡೆಯಿಂದ ಹೊಡೆತ. ಬಿಸಿಗೆ ಹತ್ತಿ ಕುಗ್ಗುತ್ತದೆ, ಅದರ ಮೇಲಿನ ಪದರ ಅಷ್ಟೇ ಕುಗ್ಗುವುದಿಲ್ಲ. ಪ್ರಿಂಟಿನ ಸುತ್ತ ಬಟ್ಟೆ ಸುಕ್ಕುಸುಕ್ಕಾಗಿ ನಿಂತಿದ್ದರೆ ಇದೇ ಕಾರಣ. ಜೊತೆಗೆ ಬಿಸಿಗೆ ಮೆತ್ತಗಾದ ಪ್ರಿಂಟ್ ಅದೇ ಹೊತ್ತಿನಲ್ಲಿ ಇತರ ಬಟ್ಟೆಗಳಿಗೆ ತಿಕ್ಕುತ್ತದೆ. ಅಂಟಿಸಿದ ಪ್ರಿಂಟ್‌ಗಳ ಅಂಟೂ ಬಿಸಿಗೆ ಸಡಿಲವಾಗುತ್ತದೆ. ಆದ್ದರಿಂದ ಒಳಮೈ ಹೊರಗಿಟ್ಟು ನೆರಳಿನಲ್ಲಿ ಗಾಳಿಗೆ ಒಣಗಿಸಿ. ಭುಜದಿಂದ ನೇತುಹಾಕುವ ಬದಲು ಹರಡಿ ಒಣಗಿಸಿದರೆ ಉತ್ತಮ. ಜಾಗ ಇಲ್ಲದಿದ್ದರೆ ಪ್ರಿಂಟ್ ಇಲ್ಲದ ಭಾಗ ಹಗ್ಗದ ಮೇಲೆ ಬರುವಂತೆ ಹಾಕಿ.

ಇಸ್ತ್ರಿಯನ್ನು ಯಾವಾಗಲೂ ಹಿಂಬದಿಯಿಂದ ಮಾಡಿ. ಪ್ಲಾಸ್ಟಿಸಾಲ್, ವಿನೈಲ್, ಡಿಟಿಎಫ್ ಮೂರೂ ಬಿಸಿಗೆ ಕರಗುವಂಥವು, ಇಸ್ತ್ರಿಪೆಟ್ಟಿಗೆ ನೇರವಾಗಿ ತಾಗಿದರೆ ಅಂಟಿಕೊಂಡು ಬಳಿದುಕೊಳ್ಳುತ್ತವೆ. ಹಿಂಬದಿಯಿಂದ ಮಾಡುವಾಗ ಪ್ರಿಂಟಿನ ಮುಖಕ್ಕೆ ಬೇಕಿಂಗ್ ಪೇಪರ್ ಇಡಿ, ಇಲ್ಲವಾದರೆ ಅದು ಕೆಳಗಿನ ಬಟ್ಟೆಗೋ ಶರ್ಟಿನ ಬೆನ್ನಿಗೋ ಅಂಟೀತು.

ಕಪಾಟಿನಲ್ಲಿ ಪ್ರಿಂಟಿಗೆ ಪ್ರಿಂಟ್ ತಾಗುವಂತೆ ಮಡಿಸಿಟ್ಟು ಮೇಲೆ ಭಾರ ಹೇರಬೇಡಿ. ಸೆಕೆಯ ದಿನಗಳಲ್ಲಿ ಎರಡು ಮುಖಗಳು ಕಚ್ಚಿಕೊಂಡು, ಬಿಡಿಸುವಾಗ ಒಂದರ ಮೇಲ್ಪದರ ಇನ್ನೊಂದಕ್ಕೆ ಬರುತ್ತದೆ.

## ಹಂತ 5: ಎದ್ದ ಅಂಚನ್ನು ಮತ್ತೆ ಕೂರಿಸುವುದು

ಇದು ವಿನೈಲ್ ಮತ್ತು ಡಿಟಿಎಫ್‌ಗೆ ಹೇಳಿದ್ದು. ಅಂಚು ಸ್ವಲ್ಪ ಎದ್ದ ಕೂಡಲೇ ಮಾಡಿದರೆ ಫಲ ಹೆಚ್ಚು. ಎದ್ದ ಪ್ರಿಂಟನ್ನು ನಾಲ್ಕಾರು ಸಲ ಹಾಗೇ ಒಗೆದರೆ ಅಂಟಿನ ಮೈಗೆ ಸೋಪು, ನೂಲಿನ ಧೂಳು ಮೆತ್ತಿಕೊಂಡು ಅದು ಮತ್ತೆ ಹಿಡಿಯುವುದಿಲ್ಲ. ಇಸ್ತ್ರಿ ಮಾಡಿಯೂ ಮರುದಿನ ಎದ್ದಿತು ಎನ್ನುವವರಲ್ಲಿ ಹೆಚ್ಚಿನವರು ಈ ಕೊಳೆ ತೆಗೆಯದೆ ಒತ್ತಿರುತ್ತಾರೆ.

1. ಶರ್ಟನ್ನು ಒಗೆದು, ಸೋಪಿನ ಅಂಶ ಉಳಿಯದಂತೆ ಜಾಲಿಸಿ, ಪೂರ್ತಿ ಒಣಗಿಸಿ. ಎದ್ದ ಅಂಚಿನ ಕೆಳಗೆ ಸಿಕ್ಕಿದ ಎಳೆ, ಧೂಳನ್ನು ಚಿಮಟದಿಂದ ತೆಗೆಯಿರಿ.

2. ಮೆತ್ತನೆಯ ಇಸ್ತ್ರಿ ಹಲಗೆ ಬೇಡ, ಒತ್ತಡ ಅದರಲ್ಲೇ ಇಂಗಿಹೋಗುತ್ತದೆ. ಗಟ್ಟಿ ಮರದ ಮೇಜಿನ ಮೇಲೆ ಹತ್ತಿಯ ಬಟ್ಟೆ ಹಾಸಿ. ಶರ್ಟಿನ ಹೊಲಿಗೆ, ಕಾಲರ್ ಪ್ರಿಂಟಿನ ಅಡಿಗೆ ಬರದಿರಲಿ.

3. ಇಸ್ತ್ರಿಪೆಟ್ಟಿಗೆಯಲ್ಲಿ ನೀರು ಇರಬಾರದು, ಸ್ಟೀಮ್ ಬಂದ್ ಇರಲಿ. ಬಟ್ಟೆಯ ಲೇಬಲ್‌ಗಳ ಲೆಕ್ಕದಲ್ಲಿ ಒಂದು ಚುಕ್ಕೆ ಎಂದರೆ 110, ಎರಡು ಎಂದರೆ 150, ಮೂರು ಎಂದರೆ 200 ಡಿಗ್ರಿಯವರೆಗಿನ ಬಿಸಿ. ಎರಡು ಚುಕ್ಕೆಯಲ್ಲಿ ಶುರುಮಾಡಿ. ಹತ್ತಿಯ ಶರ್ಟಿಗೆ ಅಷ್ಟು ಬಿಸಿ ಸಾಲದಿದ್ದರೆ ಮಾತ್ರ ಸ್ವಲ್ಪ ಏರಿಸಿ. ಪಾಲಿಯೆಸ್ಟರ್ ಶರ್ಟಿಗೆ ಎರಡು ಚುಕ್ಕೆ ದಾಟಬೇಡಿ, ಬಟ್ಟೆಯ ಮೇಲೆ ಹೊಳಪಿನ ಗುರುತು ಬೀಳುತ್ತದೆ.

4. ಪ್ರಿಂಟ್ ಇರುವ ಬಟ್ಟೆಯನ್ನು ಐದು ಸೆಕೆಂಡ್ ಬಿಸಿ ಮಾಡಿ ತೇವ ಓಡಿಸಿ, ಆದರೆ ಹಿಂಬದಿಯಿಂದ. ಬಳಿಕ ಅಂಚನ್ನು ಬೆರಳಿನಿಂದ ನೇರವಾಗಿ ಕೂರಿಸಿ, ಮೇಲೆ ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಹಾಸಿ. ಮೇಣದ ಕಾಗದ ಬೇಡ, ಮೇಣ ಕರಗಿ ಬಟ್ಟೆಗೆ ಇಳಿಯುತ್ತದೆ.

5. ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡದೆ, ಒಂದೇ ಕಡೆ ಇಟ್ಟು ಮೈಭಾರ ಹಾಕಿ ಹದಿನೈದು ಸೆಕೆಂಡ್ ಒತ್ತಿ. ಉಗಿ ಬರುವ ತೂತುಗಳ ಕೆಳಗೆ ಬಿಸಿಯೂ ಒತ್ತಡವೂ ಕಡಿಮೆ, ಅದಕ್ಕೆ ಎದ್ದ ಅಂಚು ತೂತಿಲ್ಲದ ಭಾಗದ ಕೆಳಗೆ ಬರಲಿ.

6. ಪೇಪರನ್ನು ಕೂಡಲೇ ಎತ್ತಬೇಡಿ. ಕೈಗೆ ತಣ್ಣಗಾಗುವವರೆಗೆ ಬಿಟ್ಟು ಮೂಲೆಯಿಂದ ಮೆಲ್ಲಗೆ ಬಿಡಿಸಿ. ಉಗುರಿಗೆ ಅಂಚು ಇನ್ನೂ ಸಿಕ್ಕಿದರೆ ಇನ್ನೊಮ್ಮೆ ಒತ್ತಿ.

ಸರಿಯಾಗಿ ಕೂತ ಡಿಟಿಎಫ್ ಅಂಚಿನ ಮೇಲೆ ಹೆಣಿಗೆಯ ಗುರುತು ನವಿರಾಗಿ ಮೂಡಿರುತ್ತದೆ. ಅಂಟು ಕರಗಿ ನೂಲಿನ ಸಂದಿಗೆ ಇಳಿದಿದೆ ಎಂಬುದಕ್ಕೆ ಅದು ಗುರುತು. ಮೇಲ್ಮೈ ಗಾಜಿನಂತೆ ನುಣುಪಾಗಿಯೇ ಇದ್ದರೆ ಬಿಸಿ ಅಥವಾ ಒತ್ತಡ ಸಾಲದು. ಪ್ರಿಂಟಿನ ಬಣ್ಣ ಹಳದಿಗೆ ತಿರುಗಿದರೆ, ಅಂಚಿನಾಚೆ ಅಂಟು ಹೊರಬಂದರೆ ಬಿಸಿ ಹೆಚ್ಚಾಯಿತು, ಅಲ್ಲಿಗೆ ನಿಲ್ಲಿಸಿ. ಸರಿಯಾದ ಮೇಲೂ ಒಂದು ದಿನ ನೀರಿಗೆ ಹಾಕಬೇಡಿ.

ಇಷ್ಟು ಮಾಡಿಯೂ ಅದೇ ಮೂಲೆ ಮತ್ತೆ ಎದ್ದರೆ ಅಲ್ಲಿನ ಅಂಟು ಮುಗಿದಿದೆ. ಆ ಚೂರನ್ನು ಹಾಗೇ ಬಿಟ್ಟರೆ ಪ್ರತಿ ಒಗೆತದಲ್ಲೂ ಪಕ್ಕದ ಗಟ್ಟಿ ಭಾಗವನ್ನೂ ಜೊತೆಗೆ ಎಳೆಯುತ್ತದೆ. ಸಣ್ಣ ಕತ್ತರಿಯಿಂದ ಬಟ್ಟೆಗೆ ತಾಗದಂತೆ ಎದ್ದಷ್ಟನ್ನು ಕತ್ತರಿಸಿ ತೆಗೆಯಿರಿ. ಉಳಿದ ಅಂಚನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿ, ಒಮ್ಮೆ ಒತ್ತಿ. ಚೂಪು ಮೂಲೆಯಷ್ಟು ಬೇಗ ದುಂಡು ಅಂಚು ಏಳುವುದಿಲ್ಲ.